ಎಣ್ಣೆ ಹಚ್ಚಿದ ತಲೆ, ಈಜಿ ಬಂದ ತಲೆ

(ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಆದ ಒಂದು ಅವಮಾನದಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಒಂದು ಮಕ್ಕಳ ಪತ್ರಿಕೆಗೆ ಚಿತ್ರ ಬರೆದುಕೊಟ್ಟಿದ್ದೆ. ಕತೆಯಲ್ಲಿ ಒಬ್ಬ ಹುಡುಗಿ ತೋಟದ ಬಾವಿಯಲ್ಲಿ ಈಜಿ ಮೇಲೆ ಬರುತ್ತಾಳೆ. ಅವಳ ತಲೆಗೂದಲಿಗೆ ನಾನು ಎರಡು ದಿನ ಕೂತಿದ್ದೆ. ಒಂದೊಂದೇ ಎಳೆ ಎಳೆದಿದ್ದೆ. ಮೇಲೆ ಚೆನ್ನಾಗಿ ಬಿಳಿ ಹೊಳಪು ಕೊಟ್ಟಿದ್ದೆ. ಸಂಪಾದಕರು ಫೋನ್ ಮಾಡಿದರು. "ಏನ್ರಿ ಸರ, ಈ ಹುಡುಗಿ ಈಸಿ ಬಂದಾಳೋ, ತಲಿಗೆ ಎಣ್ಣಿ ಹಚ್ಕೊಂಡು ಸಾಲಿಗೆ ಹೊಂಟಾಳೋ?"

ಸಿಟ್ಟು ಬಂತು. ಫೋನ್ ಇಟ್ಟು ಚಿತ್ರ ತೆರೆದು ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ಬಾಚಿದ ತಲೆ, ಮೇಲೊಂದು ಅಖಂಡ ಹೊಳಪಿನ ಪಟ್ಟಿ. ಅವಳ ಕೈಯಲ್ಲಿ ಪಾಟಿಚೀಲ ಒಂದು ಇರಲಿಲ್ಲ, ಅಷ್ಟೇ.

ಎಣ್ಣೆ ಹಚ್ಚಿದ ತಲೆಯೂ ಹೊಳೆಯುತ್ತದೆ, ಒದ್ದೆ ತಲೆಯೂ ಹೊಳೆಯುತ್ತದೆ. ಹಾಗಾದರೆ ನೋಡಿದ ಕೂಡಲೇ ಇದು ಎಣ್ಣೆ, ಇದು ನೀರು ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆ ಹಿಡಿದು ಒಂದು ಬೇಸಿಗೆ ಪೂರ್ತಿ ಬಾವಿ ಕಟ್ಟೆ ಮೇಲೆ ಕೂತಿದ್ದೆ. ಅಲ್ಲಿ ನೋಡಿದ್ದನ್ನೇ ಇವತ್ತು ಹೇಳುತ್ತೇನೆ. ನಾನು ಬಳಸೋದು ಕಂಪ್ಯೂಟರು, ಪೆನ್ ಟ್ಯಾಬ್ಲೆಟ್ಟು, ಕ್ರಿಟಾ ಅನ್ನೋ ಉಚಿತ ತಂತ್ರಾಂಶ. ಆದರೆ ಕಾಗದದ ಮೇಲೆ ಬರೆಯುವವರಿಗೂ ವಿಷಯ ಒಂದೇ.

ಮೊದಲು ಒಂದು ಸಣ್ಣ ಆಟ. ಇಲ್ಲಿ ಒಂದು ಗಾಜಿನ ಲೋಟದಲ್ಲಿ ನೀರಿದೆ. ಇದು ದುಂಡನೆಯ ಮೆತ್ತನೆ ಬ್ರಷ್, ಒಣಗಿದೆ. ಕೂದಲು ಅಗಲವಾಗಿ ಹರಡಿಕೊಂಡಿದೆ, ಅಲ್ವಾ? ಈಗ ನೀರಿನಲ್ಲಿ ಮುಳುಗಿಸುತ್ತೇನೆ. ಹತ್ತಿರ ಬಂದು ನೋಡಿ. ನೀರಿನೊಳಗೂ ಕೂದಲು ಹರಡಿಕೊಂಡೇ ಇದೆ. ಬ್ರಷ್ ಪೂರ್ತಿ ಒದ್ದೆ ಆಗಿದೆ, ಆದರೆ ಒಂದಕ್ಕೊಂದು ಅಂಟಿಲ್ಲ. ಈಗ ಮೇಲೆ ಎತ್ತುತ್ತೇನೆ. ನೋಡಿ, ಚೂಪಾಯಿತು.

ನಾವೆಲ್ಲ ದಿನಕ್ಕೆ ನೂರು ಸಲ ಬ್ರಷ್ ಅದ್ದುತ್ತೇವೆ. ಆದರೂ ಇದನ್ನು ಗಮನಿಸಿ ನೋಡಿರುವುದಿಲ್ಲ. ಕೂದಲು ಅಂಟುವುದು ಒದ್ದೆ ಆಗಿದ್ದಕ್ಕೆ ಮಾತ್ರ ಅಲ್ಲ. ನೀರಿಗೆ ಒಂದು ಮೇಲ್ಮೈ ಇರಬೇಕು, ಅಂದರೆ ಹೊರಗಡೆ ಗಾಳಿ ಇರಬೇಕು. ನೀರಿನ ಮೇಲ್ಮೈ ಬಿಗಿದ ರಬ್ಬರ್ ಹಾಳೆಯ ಹಾಗೆ ವರ್ತಿಸುತ್ತದೆ, ಆದಷ್ಟು ಕುಗ್ಗಲು ನೋಡುತ್ತದೆ. ಎರಡು ಕೂದಲಿನ ನಡುವೆ ಸಿಕ್ಕ ನೀರು ತನ್ನ ಮೇಲ್ಮೈ ಕಡಿಮೆ ಮಾಡಿಕೊಳ್ಳಲು ಅವೆರಡನ್ನೂ ಹತ್ತಿರ ಎಳೆಯುತ್ತದೆ. ನೀರಿನೊಳಗೆ ಆ ಮೇಲ್ಮೈಯೇ ಇಲ್ಲ. ಹಾಗಾಗಿ ಎಳೆಯುವವರೂ ಇಲ್ಲ.

ಮುಳುಗಿ ಈಜುತ್ತಿರುವವರ ಕೂದಲನ್ನು ಅಂಟಿಸಿ ಬರೆದರೆ ತಪ್ಪು ಅನ್ನೋದು ಇದರಿಂದ ತಿಳಿಯುತ್ತದೆ. ಅಲ್ಲಿ ಕೂದಲು ಪಾಚಿಯ ಹಾಗೆ ಬಿಡಿಬಿಡಿಯಾಗಿ ತೇಲಬೇಕು. ತಲೆ ನೀರಿನಿಂದ ಮೇಲೆ ಬಂದ ಕ್ಷಣದಿಂದಲೇ ಅಂಟುವುದು ಶುರು.

ಹೀಗೆ ಅಂಟಿ ಒಂದಾದ ಕೂದಲಿನ ಗುಂಪಿಗೆ ನಾನು ಕುಚ್ಚು ಅಂತ ಕರೆಯುತ್ತೇನೆ. ಇಳಕಲ್ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾರಲ್ಲ, ಅದೇ ಮಾತು.

ಕುಚ್ಚು ಹೇಗೆ ಹುಟ್ಟುತ್ತದೆ ಅನ್ನೋದು ಬರೆಯುವವನಿಗೆ ತುಂಬಾ ಮುಖ್ಯ. ನೂರು ಕೂದಲು ಒಟ್ಟಿಗೇ ಬಂದು ಅಂಟಿಕೊಳ್ಳುವುದಿಲ್ಲ. ಮೊದಲು ಎರಡು ಸೇರುತ್ತವೆ. ಅಂಥ ಎರಡು ಜೋಡಿ ಸೇರುತ್ತವೆ. ಆಮೇಲೆ ಆ ಗುಂಪು ಪಕ್ಕದ ಗುಂಪಿಗೆ ಸೇರುತ್ತದೆ. 2004ರಲ್ಲಿ ಫ್ರಾನ್ಸಿನ ಕೆಲವು ಭೌತವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒದ್ದೆ ಕೂದಲಿನ ಬಗ್ಗೆ ಇದನ್ನೇ ಬರೆದರು. ಬಾಗುವ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ದ್ರವದಲ್ಲಿ ಅದ್ದಿ ಮೇಲೆತ್ತಿ, ಅವು ಹೇಗೆ ಜೋಡಿ ಜೋಡಿಯಾಗಿ ಕೂಡುತ್ತವೆ ಅಂತ ನೋಡಿದರು. ಗುಂಪು ದೊಡ್ಡದಾದಂತೆ ಬಿರುಸಾಗುತ್ತದೆ, ಬಾಗಲು ಒಪ್ಪುವುದಿಲ್ಲ. ನೀರಿನ ಎಳೆತ ಸಾಕಾಗುವುದಿಲ್ಲ. ಅಲ್ಲಿಗೆ ಕೂಡುವುದು ನಿಲ್ಲುತ್ತದೆ. ಅದಕ್ಕೇ ಇಡೀ ತಲೆ ಒಂದೇ ದೊಡ್ಡ ಕುಚ್ಚು ಆಗುವುದಿಲ್ಲ.

ಬಾಗಲಕೋಟೆಯವರಿಗೆ ನಾನು ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆ ಬಂದು ಕೃಷ್ಣೆಗೆ ಸೇರುವುದನ್ನು ನೋಡಿದ್ದೀರಿ. ಮಲಪ್ರಭೆಗೆ ಬರುವ ದಾರಿಯಲ್ಲಿ ಎಷ್ಟೋ ಹಳ್ಳಗಳು ಸೇರಿರುತ್ತವೆ. ಒದ್ದೆ ಕೂದಲಿನ ನಕ್ಷೆ ಹಾಗೆಯೇ. ಬುಡದಲ್ಲಿ ಹಳ್ಳಗಳು, ನಡುವೆ ಉಪನದಿಗಳು, ತುದಿಗೆ ಹೊಳೆ. ಒಂದು ವ್ಯತ್ಯಾಸ ಇದೆ. ಹೊಳೆ ಮುಂದೆ ಹೋದಷ್ಟೂ ಅಗಲ ಆಗುತ್ತದೆ, ಕುಚ್ಚು ಮುಂದೆ ಹೋದಷ್ಟೂ ಕಿರಿದಾಗುತ್ತದೆ. ಯಾಕೆಂದರೆ ಬುಡದಲ್ಲಿ ಕೂದಲು ಚರ್ಮಕ್ಕೆ ನೆಟ್ಟಿರುತ್ತದೆ, ಅಲ್ಲಿಂದ ಸರಿಯಲು ಆಗುವುದಿಲ್ಲ. ತುದಿ ಮಾತ್ರ ಸ್ವತಂತ್ರ. ಹಾಗಾಗಿ ಪ್ರತಿ ಕುಚ್ಚು ಮೇಲೆ ಅಗಲ, ಕೆಳಗೆ ಚೂಪು. ಎರಡು ಕುಚ್ಚಿನ ನಡುವಿನ ಸಂದು ಇದಕ್ಕೆ ತಿರುಗುಮುರುಗು, ಮೇಲೆ ಕಿರಿದು, ಕೆಳಗೆ ಅಗಲ.

ನನ್ನ ಹಳೆಯ ಚಿತ್ರದ ದೊಡ್ಡ ತಪ್ಪು ಇಲ್ಲೇ ಇತ್ತು. ಅದರಲ್ಲಿ ಸಂದೇ ಇರಲಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಹಣಿಗೆ ಎಲ್ಲ ಕೂದಲನ್ನು ಸಮನಾಗಿ ಹರಡಿರುತ್ತದೆ. ಎಣ್ಣೆಯೂ ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ನೀರಿಗೆ ಬಿದ್ದು ಎದ್ದ ತಲೆಯನ್ನು ಯಾರೂ ಬಾಚಿರುವುದಿಲ್ಲ.

ಈಗ ನನ್ನ ಎರಡನೇ ಚಿತ್ರಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗಳು, ಆಗ ಅವಳಿಗೆ ಹನ್ನೊಂದು ವರ್ಷ. ಅಕ್ಕನ ಮನೆ ಮುಧೋಳದ ಕಡೆ ಒಂದು ಹಳ್ಳಿ. ಅಲ್ಲಿ ಮಕ್ಕಳು ಈಗಲೂ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ತೋಟದ ಬಾವಿಯಲ್ಲೇ ಈಜು ಕಲಿಯುತ್ತಾರೆ. ಅವಳ ಕೂದಲು ಭುಜ ದಾಟಿ ಒಂದು ಗೇಣು ಇಳಿಯುತ್ತಿತ್ತು. ಮಧ್ಯಾಹ್ನ ನಾಲ್ಕು ಗಂಟೆ. ಬಿಸಿಲು ಅವಳ ಎಡಕ್ಕೆ, ಸ್ವಲ್ಪ ಹಿಂದಿನಿಂದ. ಹಿಂದೆ ಬಾವಿಯ ಕರಿ ಕಲ್ಲಿನ ಗೋಡೆ, ಅದರ ಮೇಲೆ ಆಕಾಶದ ತುಂಡು.

ಅವಳಿಗೆ ಹೇಳಿದೆ, ಮೆಟ್ಟಿಲು ಹತ್ತಿ ಬಂದು ಹಂಗೇ ನಿಂದ್ರು. ನಿಂತಳು. ನಾನು ಅರ್ಧ ನಿಮಿಷಕ್ಕೊಂದು ಫೋಟೊ ತೆಗೆದೆ. ಅಲ್ಲಿ ನನಗೆ ಗೊತ್ತಾಗಿದ್ದು, ಒದ್ದೆ ತಲೆ ಅನ್ನೋದು ಒಂದು ಸ್ಥಿತಿ ಅಲ್ಲ, ಮೂರ್ನಾಲ್ಕು ಸ್ಥಿತಿ. ಬಂದ ಕೂಡಲೇ ಕೂದಲು ಒಂದು ಹಾಳೆಯ ಹಾಗೆ ತಲೆಗೆ ಅಂಟಿತ್ತು, ನೀರು ಧಾರೆಯಾಗಿ ಇಳಿಯುತ್ತಿತ್ತು, ಕುಚ್ಚು ಇನ್ನೂ ಸರಿಯಾಗಿ ಬಿಡಿಸಿಕೊಂಡಿರಲಿಲ್ಲ. ಒಂದು ನಿಮಿಷದ ಹೊತ್ತಿಗೆ ಧಾರೆ ನಿಂತು ತೊಟ್ಟಿಕ್ಕುವುದು ಶುರುವಾಯಿತು, ಕುಚ್ಚುಗಳು ಸ್ಪಷ್ಟವಾದವು. ಹತ್ತು ನಿಮಿಷಕ್ಕೆ ಹನಿಗಳು ಇಲ್ಲ, ನೆತ್ತಿಯ ಸಣ್ಣ ಕೂದಲು ಎದ್ದು ನಿಂತಿವೆ, ಆದರೆ ತುದಿ ಇನ್ನೂ ಒದ್ದೆ. ನೀರು ಮೇಲಿನಿಂದ ಕೆಳಗೆ ಇಳಿಯುತ್ತದಲ್ಲ, ಒಣಗುವುದೂ ಅದೇ ಕ್ರಮದಲ್ಲಿ. ಚಿತ್ರ ಬರೆಯುವ ಮೊದಲು ಇದರಲ್ಲಿ ಯಾವ ಗಳಿಗೆ ಅಂತ ಗಟ್ಟಿ ಮಾಡಿಕೊಳ್ಳಬೇಕು. ಧಾರೆಯನ್ನೂ ಬರೆದು, ನೆತ್ತಿ ಮೇಲೆ ಹಾರುವ ಕೂದಲನ್ನೂ ಬರೆದರೆ ಎರಡು ಬೇರೆ ಗಳಿಗೆ ಒಂದೇ ತಲೆ ಮೇಲೆ ಕೂತ ಹಾಗೆ. ನಾನು ಒಂದು ನಿಮಿಷದ ಗಳಿಗೆ ಆರಿಸಿಕೊಂಡೆ.

ಇನ್ನು ಅಳತೆ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು ಅಂತ ನನ್ನ ಹಟ. ಹಾಳೆ 3000 ಪಿಕ್ಸೆಲ್ ಅಗಲ, 4000 ಎತ್ತರ. ಗದ್ದದಿಂದ ಹಣೆಯ ಕೂದಲಿನ ಅಂಚಿನವರೆಗೆ ಮುಖ 1200 ಪಿಕ್ಸೆಲ್. ಅವಳ ಮುಖ ಅಳೆದಾಗ ಸುಮಾರು 17 ಸೆಂಟಿಮೀಟರ್ ಬಂತು. ಅಂದರೆ ಚಿತ್ರದಲ್ಲಿ ಒಂದು ಮಿಲಿಮೀಟರಿಗೆ ಏಳು ಪಿಕ್ಸೆಲ್. ಮನುಷ್ಯನ ಒಂದು ತಲೆಗೂದಲು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು. ಲೆಕ್ಕ ಹಾಕಿದರೆ ಅರ್ಧ ಪಿಕ್ಸೆಲ್ಲೂ ಕಷ್ಟ! ನಾನು ಎರಡು ದಿನ ಕೂತು ಎಳೆದ ಆ ಒಂದೊಂದು ಎಳೆ ಕಣ್ಣಿಗೆ ಕಾಣುವ ವಸ್ತುವೇ ಆಗಿರಲಿಲ್ಲ. ಕಾಣುವುದು ಕುಚ್ಚು. ಫೋಟೊದಲ್ಲಿ ಅಳೆದಾಗ ದೊಡ್ಡ ಕುಚ್ಚು ಬುಡದ ಹತ್ತಿರ ಒಂದು ಸೆಂಟಿಮೀಟರ್ ಇತ್ತು, ಅಂದರೆ 70 ಪಿಕ್ಸೆಲ್. ತುದಿಗೆ 10 ಪಿಕ್ಸೆಲ್. ಸಣ್ಣವು ಇದರ ಕಾಲುಭಾಗ.

ಕೆಲಸ ಶುರುವಾಗುವುದು ಬುರುಡೆಯಿಂದ. ಒಣ ಕೂದಲಿನ ತಲೆ ಬರೆಯುವಾಗ ಬುರುಡೆಯ ಮೇಲೆ ಒಂದೂವರೆ, ಎರಡು ಸೆಂಟಿಮೀಟರ್ ಎತ್ತರ ಕೂದಲಿಗೆ ಬಿಡುತ್ತೇವೆ. ಒದ್ದೆ ಆದಾಗ ಆ ಎತ್ತರ ಕುಸಿಯುತ್ತದೆ. ತಲೆ ಸಣ್ಣದಾಗಿ ಕಾಣುತ್ತದೆ, ಕಿವಿ ಹೊರಗೆ ಬರುತ್ತದೆ, ಕತ್ತು ಉದ್ದ ಅನಿಸುತ್ತದೆ. ಒಣ ತಲೆಯ ಆಕಾರವನ್ನೇ ಇಟ್ಟುಕೊಂಡು ಮೇಲೆ ನೀರು ಸುರಿದರೆ ಕಿರೀಟಕ್ಕೆ ಪಾಲಿಶ್ ಹಾಕಿದ ಹಾಗೆ ಕಾಣುತ್ತದೆ. ಹೊರ ಅಂಚನ್ನು ಬುರುಡೆಗೆ ತಾಗಿಸಿ ಬರೆಯಿರಿ. ನಾನು ನೆತ್ತಿಯಲ್ಲಿ 25 ಪಿಕ್ಸೆಲ್ ಮಾತ್ರ ಬಿಟ್ಟೆ.

ಕ್ರಿಟಾದಲ್ಲಿ ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಮೊದಲ ಲೇಯರ್‌ನಲ್ಲಿ ತಲೆಯ ಚರ್ಮ, ಮುಖ, ಕತ್ತು. ಹೌದು, ನೆತ್ತಿಯ ಚರ್ಮವನ್ನೂ ಬಣ್ಣ ಹಚ್ಚಿ ಮುಗಿಸಿ. ಅದು ಆಮೇಲೆ ಬೇಕಾಗುತ್ತದೆ. ಅದರ ಮೇಲಿನ ಲೇಯರ್‌ನಲ್ಲಿ ಕೂದಲಿನ ಇಡೀ ರಾಶಿಯನ್ನು ಒಂದೇ ಕಪ್ಪು ಬಣ್ಣದಲ್ಲಿ ತುಂಬಿ.

ಎಷ್ಟು ಕಪ್ಪು? ಒದ್ದೆ ಆದರೆ ಬಣ್ಣ ಯಾಕೆ ಗಾಢ ಆಗುತ್ತದೆ ಅಂತ ಒಂದು ಮಾತು ಹೇಳಬೇಕು. ಎರೆ ಹೊಲಕ್ಕೆ ಮಳೆ ಬಿದ್ದಾಗ ನೋಡಿ, ಬೂದಿಗಪ್ಪು ಇದ್ದದ್ದು ಕಾಡಿಗೆ ಆಗುತ್ತದೆ. ಬಾದಾಮಿಯ ಕೆಂಪು ಬಂಡೆ ಮಳೆಗೆ ರಕ್ತಗೆಂಪು ಆಗುತ್ತದೆ. ಕೂದಲಿನದೂ ಅದೇ ಕತೆ. ಒಣಗಿದಾಗ ಕೂದಲಿನ ನಡುವೆ ಗಾಳಿ. ಬೆಳಕು ಗಾಳಿಯಿಂದ ಕೂದಲಿಗೆ, ಕೂದಲಿನಿಂದ ಗಾಳಿಗೆ ದಾಟುವಾಗ ಪ್ರತಿ ಸಲ ಸ್ವಲ್ಪ ಚೆದುರಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಬೆಳಕು ಎಷ್ಟು ಬಾಗುತ್ತದೆ ಅನ್ನೋದಕ್ಕೆ ಒಂದು ಅಂಕಿ ಇದೆ, ವಕ್ರೀಭವನ ಸೂಚ್ಯಂಕ ಅಂತ ಪಾಠದಲ್ಲಿ ಓದಿದ್ದೀರಿ. ಗಾಳಿಗೆ ಸುಮಾರು 1, ನೀರಿಗೆ 1.33, ಕೂದಲಿಗೆ 1.55. ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಅಂತರ ಕಡಿಮೆ ಆಯಿತು. ಬೆಳಕು ಚೆದುರುವುದೂ ಕಡಿಮೆ ಆಯಿತು. ಸಲೀಸಾಗಿ ಒಳಗೆ ಹೋದ ಬೆಳಕನ್ನು ಕೂದಲು ಅಲ್ಲೇ ಹೀರಿಕೊಂಡು ಬಿಡುತ್ತದೆ. ಕಣ್ಣಿಗೆ ಬರುವುದು ಕತ್ತಲೆ.

ಕ್ರಿಟಾದಲ್ಲಿ ಬಣ್ಣ ಆರಿಸುವಾಗ ಬೆಳಕಿನ ಮಟ್ಟ ಸೊನ್ನೆಯಿಂದ 100ರವರೆಗೆ ಇರುತ್ತದೆ. ನಮ್ಮ ಕಡೆಯ ಕಪ್ಪು ಕೂದಲನ್ನು ಒಣಗಿದಾಗ ನಾನು 25ರ ಹತ್ತಿರ ಇಡುತ್ತೇನೆ. ಒದ್ದೆಗೆ 12. ಕಂದು ಕಡೆಗೆ ಸ್ವಲ್ಪ ವಾಲಿದ ಕಪ್ಪು. ಪೂರ್ತಿ ಸೊನ್ನೆ ಬೇಡ. ಕುಚ್ಚಿನ ಕೆಳಗಿನ ನೆರಳಿಗೆ ಇನ್ನೂ ಜಾಗ ಬೇಕಲ್ಲ.

ಈಗ ನನಗೆ ತುಂಬಾ ಇಷ್ಟದ ಕೆಲಸ. ಈ ಕಪ್ಪು ರಾಶಿಯನ್ನು ಸೇರಿಸುತ್ತಾ ಹೋಗಬೇಡಿ, ಕತ್ತರಿಸುತ್ತಾ ಹೋಗಿ. ಕ್ರಿಟಾದಲ್ಲಿ E ಒತ್ತಿದರೆ ಕೈಯಲ್ಲಿರುವ ಬ್ರಷ್ಷೇ ರಬ್ಬರ್ ಆಗುತ್ತದೆ. ಒತ್ತಿದಷ್ಟು ದಪ್ಪ ಆಗುವ, ಅಂಚು ಗಟ್ಟಿಯಾಗಿರುವ ಬ್ರಷ್ ತೆಗೆದುಕೊಳ್ಳಿ. ತುದಿಯಿಂದ ಬುಡದ ಕಡೆಗೆ ಎಳೆಯಿರಿ. ಶುರುವಿಗೆ ಒತ್ತಿ, ಮೇಲೆ ಹೋದಂತೆ ಕೈ ಹಗುರ ಮಾಡಿ. ಒಂದು ಉದ್ದನೆಯ ಸಂದು ಆಯಿತು. ಕೆಳಗೆ ಅಗಲ, ಮೇಲೆ ಮಾಯ. ಹೀಗೆ ಏಳೆಂಟು ದೊಡ್ಡ ಸಂದು ಕತ್ತರಿಸಿದರೆ ದೊಡ್ಡ ಕುಚ್ಚುಗಳು ತಾವಾಗಿಯೇ ಹುಟ್ಟುತ್ತವೆ. ಆಮೇಲೆ ಒಂದೊಂದು ಕುಚ್ಚಿನ ಮೇಲ್ಭಾಗದಲ್ಲಿ ಸಣ್ಣ ಸಂದು, ಎರಡು ಹಳ್ಳ ಕೂಡಿದ ಹಾಗೆ. ನೆತ್ತಿಯ ಹತ್ತಿರ ಮೂರ್ನಾಲ್ಕು ಕಡೆ ಮಾತ್ರ ಚರ್ಮ ಕಾಣುವಂತೆ ಸಣ್ಣ ಗೀರು. ಅದಕ್ಕೇ ಚರ್ಮ ಮೊದಲೇ ಬರೆದಿಡಿ ಅಂದದ್ದು. ಆ ಗೀರುಗಳು ಜಾಸ್ತಿ ಆದರೆ ಹುಡುಗಿ ಬೋಳಾಗುತ್ತಾಳೆ. ನನ್ನ ಅನುಭವ.

ಇಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: "ಸರ್, ನಾನು ಹಿಂಗ ಮಾಡಿದ್ದೆ. ಶ್ಯಾವಗಿ ಆತು." ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಒಳ್ಳೆಯದು. ಶ್ಯಾವಿಗೆ ಹೇಗೆ ಆಗುತ್ತದೆ ಅಂದರೆ, ಎಲ್ಲ ಕುಚ್ಚೂ ಒಂದೇ ದಪ್ಪ, ಎಲ್ಲ ಸಂದೂ ಒಂದೇ ಅಗಲ, ಎಲ್ಲವೂ ಸಾಲಾಗಿ ಕೆಳಗೆ. ಯಂತ್ರದಿಂದ ಒತ್ತಿದ ಹಾಗೆ. ನಿಜವಾದ ತಲೆಯಲ್ಲಿ ಒಂದು ದಪ್ಪ ಕುಚ್ಚಿನ ಪಕ್ಕ ಎರಡು ಸಣ್ಣವು ಇರುತ್ತವೆ, ಒಂದು ಅಡ್ಡ ಬಂದು ಕೆನ್ನೆಗೆ ಅಂಟಿರುತ್ತದೆ, ಇನ್ನೊಂದು ಮತ್ತೊಂದರ ಮೇಲೆ ಹಾದು ಹೋಗಿರುತ್ತದೆ. ಅವನ ಚಿತ್ರವನ್ನು ಆಮೇಲೆ ಮೊಬೈಲ್‌ನಲ್ಲಿ ನೋಡಿದೆ. ಅವನು ತುದಿಗಳನ್ನೂ ಒಂದೇ ಗೆರೆಗೆ ನಿಲ್ಲಿಸಿದ್ದ, ಕತ್ತರಿಯಿಂದ ಕತ್ತರಿಸಿದಂತೆ. ಚರ್ಮಕ್ಕೆ ಅಂಟುವ ಕುಚ್ಚು ಚರ್ಮದ ಏರಿಳಿತವನ್ನು ಅನುಸರಿಸಬೇಕು, ಕತ್ತಿನ ಮೇಲೆ ಬಂದರೆ ಕತ್ತಿನ ಹಾಗೆ ಬಾಗಬೇಕು. ಗಾಳಿಯಲ್ಲಿ ತೂಗುವ ಕುಚ್ಚು ಮಾತ್ರ ನೇರ ಇಳಿಯುತ್ತದೆ.

ಈ ಹಂತಕ್ಕೆ ಬಂದಾಗ ಚಿತ್ರವನ್ನು ಹೆಬ್ಬೆರಳಿನಷ್ಟು ಸಣ್ಣ ಮಾಡಿ ನೋಡಿ. ಇನ್ನೂ ಒಂದು ಚುಕ್ಕಿ ಹೊಳಪೂ ಹಾಕಿಲ್ಲ. ಆದರೂ ತಲೆ ಒದ್ದೆ ಅನಿಸಬೇಕು. ಅನಿಸದಿದ್ದರೆ ಮುಂದೆ ಹೋಗಬೇಡಿ. ಆಕಾರ ಒದ್ದೆ ಅಂತ ಹೇಳದೇ ಇದ್ದರೆ ಹೊಳಪು ಅದನ್ನು ಎಣ್ಣೆ ಮಾಡುತ್ತದೆ, ಅಥವಾ ಪ್ಲಾಸ್ಟಿಕ್ ಮಾಡುತ್ತದೆ. ನನ್ನ ಮೊದಲ ಚಿತ್ರ ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತಿತ್ತು.

ಹೊಳಪಿಗೆ ಬರೋಣ. ಒಣ ಕೂದಲಿನ ಮೇಲೆ ಹೊಳಪು ಒಂದು ಅಗಲವಾದ ಪಟ್ಟಿ. ತಲೆಯ ಸುತ್ತ ಅಡ್ಡಡ್ಡ, ಉಂಗುರದ ಹಾಗೆ. ಕೂದಲಿನ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಪದರಗಳಿರುತ್ತವೆ. ಅವು ಹೊಳಪನ್ನು ಹರಡುತ್ತವೆ, ಅಂಚು ಮಸುಕಾಗಿರುತ್ತದೆ. ಎಣ್ಣೆ ಹಚ್ಚಿ ಬಾಚಿದಾಗಲೂ ಈ ಉಂಗುರ ಉಳಿಯುತ್ತದೆ, ಇನ್ನಷ್ಟು ಚುರುಕಾಗುತ್ತದೆ. ಒದ್ದೆ ಆದಾಗ ಏನಾಗುತ್ತದೆ? ಕುಚ್ಚಿನ ಮೇಲೆ ನೀರಿನ ಪೊರೆ ಕೂತು ಹೆಂಚಿನ ಸಂದುಗಳನ್ನು ಮುಚ್ಚುತ್ತದೆ. ಇಡೀ ಕುಚ್ಚು ಒಂದು ನುಣುಪಾದ ಗಾಜಿನ ಕಡ್ಡಿಯ ಹಾಗೆ ಬೆಳಕು ಹಿಡಿಯುತ್ತದೆ. ಗಾಜಿನ ಕಡ್ಡಿಯ ಮೇಲೆ ಹೊಳಪು ಹೇಗೆ ಬೀಳುತ್ತದೆ? ಉದ್ದಕ್ಕೆ, ತೆಳ್ಳಗೆ, ಅಂಚು ಗಟ್ಟಿ. ಕಡ್ಡಿ ಬಾಗಿದಲ್ಲಿ ತುಂಡಾಗುತ್ತದೆ.

ಹಾಗಾಗಿ ಉಂಗುರ ಒಡೆಯುತ್ತದೆ. ಪ್ರತಿ ಕುಚ್ಚಿಗೆ ಅದರದೇ ಒಂದು ಗೀರು. ಪಕ್ಕದ ಕುಚ್ಚು ಬೇರೆ ಕಡೆ ತಿರುಗಿದ್ದರೆ ಅದರ ಗೀರು ಬೇರೆ ಎತ್ತರದಲ್ಲಿ. ಕೆಲವಕ್ಕೆ ಹೊಳಪೇ ಇಲ್ಲ.

ಆ ಗೀರಿನ ಬಣ್ಣ ಕೂದಲಿನದಲ್ಲ, ಬೆಳಕಿನದು. ನೀರಿನ ಮೇಲ್ಮೈ ಕನ್ನಡಿಯ ಹಾಗೆ ಎದುರಿಗಿದ್ದುದನ್ನು ತೋರಿಸುತ್ತದೆ. ನನ್ನ ಚಿತ್ರದಲ್ಲಿ ನೆತ್ತಿಯ ಮೇಲಿನ ಗೀರುಗಳಿಗೆ ಆಕಾಶದ ತಿಳಿ ನೀಲಿ ಬೂದು. ಎಡ ಅಂಚಿಗೆ ಮಾತ್ರ ಬಿಸಿಲಿನ ಹಳದಿ ಬಿಳುಪು. ಅದೇ ಹುಡುಗಿ ಟ್ಯೂಬ್‌ಲೈಟ್ ಕೆಳಗೆ ನಿಂತಿದ್ದರೆ ನೀಲಿ ಬರುತ್ತಿರಲಿಲ್ಲ. ಎಲ್ಲ ಕಡೆ ಬಿಳಿ ಬಳಿದರೆ ಆಕೆ ಎಲ್ಲಿ ನಿಂತಿದ್ದಾಳೆ ಅಂತಲೇ ತಿಳಿಯುವುದಿಲ್ಲ.

ನಾನು ಹೊಳಪನ್ನು ಮೂರು ಸುತ್ತಿನಲ್ಲಿ ಹಾಕುತ್ತೇನೆ. ಮೊದಲನೆಯದು ಮಂದ, ಬೆಳಕಿನ ಮಟ್ಟ 30. ಕುಚ್ಚಿನ ಅಗಲದ ಮೂರನೇ ಒಂದು ಭಾಗ, ಉದ್ದಕ್ಕೆ. ಇದು ಕುಚ್ಚಿಗೆ ದುಂಡುತನ ಕೊಡುತ್ತದೆ, ಹೊಳಪು ಅಂತ ಅನಿಸುವುದೇ ಇಲ್ಲ. ಎರಡನೆಯದು 60, ಮೊದಲಿನದರ ಒಳಗೆ, ನಾಲ್ಕೈದು ಪಿಕ್ಸೆಲ್ ದಪ್ಪ, ಅಲ್ಲಲ್ಲಿ ಕಡಿದು. ಮೂರನೆಯದು 95. ಇದು ಇಡೀ ತಲೆಯಲ್ಲಿ ಹದಿನೈದು ಇಪ್ಪತ್ತು ಜಾಗದಲ್ಲಿ ಮಾತ್ರ, ಬಿಸಿಲು ನೇರವಾಗಿ ತಾಗುವ ಕಡೆ, ಅಕ್ಕಿಕಾಳಿನಷ್ಟು. ಈ ಮೂರನೇ ಸುತ್ತಿನಲ್ಲಿ ಕೈ ತಡೆಯುವುದೇ ಇಲ್ಲ, ಹಾಕುತ್ತಾ ಹೋಗೋಣ ಅನಿಸುತ್ತದೆ. ನಾನು ಒಂದು ಉಪಾಯ ಮಾಡುತ್ತೇನೆ. ಬೇಕಾದಷ್ಟು ಹಾಕಿ, ಚಹಾ ಕುಡಿದು ಬಂದು, ಅರ್ಧ ಅಳಿಸುತ್ತೇನೆ.

ಕೊನೆಗೆ ಹನಿ. ತುದಿಯಲ್ಲಿ ತೂಗುವ ನೀರಿನ ಹನಿ ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ. ಅದಕ್ಕಿಂತ ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ನಮ್ಮ ಅಳತೆಯಲ್ಲಿ 20ರಿಂದ 28 ಪಿಕ್ಸೆಲ್. ಕಣ್ಣಿನ ಅಗಲ ಸುಮಾರು 200 ಪಿಕ್ಸೆಲ್. ಅಂದರೆ ಹನಿ ಕಣ್ಣಿನ ಏಳನೇ ಒಂದು ಭಾಗವೂ ಕಷ್ಟ. ಆದರೆ ಎಷ್ಟು ಚಿತ್ರಗಳಲ್ಲಿ ಕಣ್ಣಿನಷ್ಟೇ ದೊಡ್ಡ ಹನಿ ನೋಡಿಲ್ಲ ನಾವು? ಅಷ್ಟು ದೊಡ್ಡ ಹನಿ ತೂಗಿದರೆ ಹುಡುಗಿ ಬೊಂಬೆಯಷ್ಟು ಪುಟ್ಟದಾಗಿ ಕಾಣುತ್ತಾಳೆ. ಕಣ್ಣು ಹನಿಯಿಂದಲೇ ಅಳತೆ ಹಿಡಿಯುತ್ತದೆ.

ಹನಿಯ ಒಳಗೆ ಏನು ಕಾಣುತ್ತದೆ ಅನ್ನೋದು ಇನ್ನೂ ಮಜಾ. ಹನಿ ಒಂದು ಭೂತಗನ್ನಡಿ. ಹಿಂದಿನ ದೃಶ್ಯವನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ನನ್ನ ಚಿತ್ರದಲ್ಲಿ ಹಿಂದೆ ಮೇಲೆ ಆಕಾಶ, ಕೆಳಗೆ ಕರಿ ಗೋಡೆ. ಹನಿಯೊಳಗೆ ಆಕಾಶ ಕೆಳಗೆ, ಗೋಡೆ ಮೇಲೆ. ಹಾಗಾಗಿ ಹನಿಯ ಮೇಲರ್ಧ ಕತ್ತಲೆ, ಕೆಳಗೆ ಬೆಳಕಿನ ಬಟ್ಟಲು. ಬಿಸಿಲು ಬರುವ ಕಡೆ ಮೂರು ಪಿಕ್ಸೆಲ್ಲಿನ ಒಂದು ಮಿಂಚು. ಅಷ್ಟೇ ಸಾಕು. ನೀಲಿ ಬಣ್ಣ ತುಂಬುವ ಅಗತ್ಯ ಇಲ್ಲ, ನೀರಿಗೆ ಅಷ್ಟರಲ್ಲಿ ಬಣ್ಣ ಎಲ್ಲಿಂದ ಬರಬೇಕು?

ಎಲ್ಲಿ ಎಷ್ಟು ಹನಿ? ನೀರು ಕುಚ್ಚಿನ ಉದ್ದಕ್ಕೆ ಇಳಿದು ಅತಿ ಕೆಳಗಿನ ತುದಿಗೆ ಸೇರುತ್ತದೆ. ಉದ್ದವಾಗಿ, ಗಾಳಿಯಲ್ಲಿ ತೂಗುವ ಕುಚ್ಚಿಗೆ ಹನಿ ಬರುತ್ತದೆ. ಭುಜಕ್ಕೆ ಅಂಟಿದ ಕುಚ್ಚಿಗೆ ಹನಿ ಬರುವುದಿಲ್ಲ, ಅದು ಚರ್ಮದ ಮೇಲೆ ಹರಿದು ಹೋಗುತ್ತದೆ. ನನ್ನ ಚಿತ್ರದಲ್ಲಿ ಸುಮಾರು ಮೂವತ್ತು ತುದಿ ಇದ್ದವು, ಹನಿ ಐದು. ಅದರಲ್ಲಿ ಒಂದು ಮಾತ್ರ ಪೂರ್ತಿ ತುಂಬಿ ಬೀಳುವ ಹಾಗಿತ್ತು, ಉಳಿದವು ಇನ್ನೂ ಬೆಳೆಯುತ್ತಿದ್ದವು. ಎಲ್ಲ ತುದಿಗೂ ಒಂದೊಂದು ಹನಿ ಇಟ್ಟರೆ ಮುತ್ತಿನ ಝಾಲರಿ ಆಗುತ್ತದೆ. ಮತ್ತೆ ಬಿದ್ದ ಹನಿ, ಅಂದರೆ ಗಾಳಿಯಲ್ಲಿರುವುದು, ಹೆಚ್ಚು ಕಡಿಮೆ ದುಂಡಗೆ ಇರುತ್ತದೆ. ಬಾಲ ಇರುವುದಿಲ್ಲ. ಜಾಹೀರಾತಿನ ಹನಿ ನೋಡಿ ಕಲಿಯಬೇಡಿ.

ರೆಪ್ಪೆ ಮತ್ತು ಹುಬ್ಬು ಮರೆಯಬೇಡಿ. ಅವೂ ಕೂದಲೇ. ರೆಪ್ಪೆಗಳು ಮೂರ್ನಾಲ್ಕು ಸೇರಿ ಚೂಪು ಮುಳ್ಳುಗಳಾಗುತ್ತವೆ. ತಲೆ ಒದ್ದೆ ಇದ್ದು ರೆಪ್ಪೆ ಒಣಗಿದ್ದರೆ ಯಾರೋ ತಲೆಗೆ ಮಾತ್ರ ತಂಬಿಗೆ ನೀರು ಸುರಿದ ಹಾಗೆ.

ಹಿರಿಯ ಶಿಕ್ಷಕಿಯೊಬ್ಬರು ಕೇಳಿದರು: "ನೀರುಬಣ್ಣದಾಗ ಬಿಳಿ ಹೆಂಗ ಉಳಿಸೋದ್ರಿ? ನಮ್ಮ ಸಾಲಿ ಮಕ್ಕಳ ಹತ್ರ ಕಂಪ್ಯೂಟರ್ ಇಲ್ಲ." ಮೇಡಂ, ಕ್ರಮ ತಿರುಗಿಸಬೇಕು. ಅಲ್ಲಿ ಕಪ್ಪು ಕೊನೆಗೆ. ಮೊದಲು ಇಡೀ ತಲೆಗೆ ತಿಳಿ ನೀಲಿ ಬೂದು ತೆಳುವಾಗಿ ಹಚ್ಚಿ, ಪೂರ್ತಿ ಒಣಗಿಸಿ. ಆಮೇಲೆ ದಪ್ಪ ಕಪ್ಪನ್ನು ಕುಚ್ಚು ಕುಚ್ಚಾಗಿ ಇಳಿಸಿ, ನಡುವೆ ಗೀರುಗಳನ್ನು ಬಿಡುತ್ತಾ. ಕೊನೆಯ ಮಿಂಚಿಗೆ ಬಿಳಿ ಪೋಸ್ಟರ್ ಬಣ್ಣ, ಇಲ್ಲವೇ ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಕೆರೆಯುವುದು. ಮಕ್ಕಳಿಗೆ ಬ್ಲೇಡ್ ಬೇಡ, ಪೋಸ್ಟರ್ ಬಣ್ಣ ಸಾಕು.

ಇನ್ನೊಬ್ಬರು ಗಂಡುಮಕ್ಕಳ ಗಿಡ್ಡ ಕೂದಲಿನ ಬಗ್ಗೆ ಕೇಳಿದರು. ಗಿಡ್ಡ ಕೂದಲು ಬಿರುಸು, ಬಾಗಲು ಉದ್ದ ಸಾಲದು. ಅದಕ್ಕೆ ಅಲ್ಲಿ ಸಣ್ಣ ಸಣ್ಣ ಕುಚ್ಚು, ಮುಳ್ಳಿನ ಹಾಗೆ, ಹಣೆಯ ಮೇಲೆ ಗರಗಸದ ಹಲ್ಲಿನಂತೆ. ಗುಂಗುರು ಕೂದಲು ನೀರಿನ ಭಾರಕ್ಕೆ ಉದ್ದವಾಗುತ್ತದೆ, ಆದರೆ ಪೂರ್ತಿ ನೇರ ಆಗುವುದಿಲ್ಲ, ತುದಿಯಲ್ಲಿ ಸುರುಳಿ ಉಳಿಯುತ್ತದೆ. ಹಾಗೆಯೇ, ಎಣ್ಣೆ ಹಚ್ಚಿದ ತಲೆ ಬಾವಿಗೆ ಹಾರಿದರೆ? ನಮ್ಮ ಕಡೆ ಅದೇ ಜಾಸ್ತಿ ಅಲ್ವಾ. ಎಣ್ಣೆ ಗಟ್ಟಿ ಇದ್ದಲ್ಲಿ ನೀರು ಹರಡುವುದಿಲ್ಲ. ನೆತ್ತಿಯ ಮೇಲೆ ಪುಟ್ಟ ಪುಟ್ಟ ಮಣಿಗಳಾಗಿ ಕೂರುತ್ತದೆ, ಕೆಸುವಿನ ಎಲೆಯ ಮೇಲೆ ಕೂತ ಹಾಗೆ. ಒಂದೇ ಚಿತ್ರದಲ್ಲಿ ಎರಡನ್ನೂ ತೋರಿಸಬೇಕಾದವರು ಆ ಮಣಿಗಳನ್ನು ಬರೆಯಬಹುದು. ಅವು ಏಳೆಂಟು ಪಿಕ್ಸೆಲ್ ದಾಟಬಾರದು.

ಎರಡನೇ ಚಿತ್ರವನ್ನು ಅದೇ ಸಂಪಾದಕರಿಗೆ ಕಳಿಸಿದೆ. ಈ ಸಲ ಫೋನ್ ಬರಲಿಲ್ಲ, ಚಿತ್ರ ಅಚ್ಚಾಯಿತು. ಪತ್ರಿಕೆಯನ್ನು ಅಕ್ಕನ ಮಗಳಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಮಾಮಾ, ನನ್ನ ಕಿವಿ ಇಷ್ಟು ದೊಡ್ಡವು ಅದಾವೇನು?"